ತಂಗಿಯ ಉತ್ತರದೊಳಗಿನ ನನ್ನ ಸುಳ್ಳು

ಆ ಉತ್ತರ ನನಗೆ ಬಾಯಿಪಾಠವಾಗಿದೆ. ಅಂಗಡಿಯ ಶಟರ್ ಎತ್ತುವಾಗ, ಯಾರದೋ ಫೋನಿನ ಸ್ಕ್ರೂ ಬಿಚ್ಚುವಾಗ ಅದು ತಾನಾಗಿಯೇ ತಲೆಯೊಳಗೆ ಓದಿಕೊಳ್ಳತೊಡಗುತ್ತದೆ. "ನಮಸ್ಕಾರ. ನಿಮಗಾದ ತೊಂದರೆಗೆ ಕ್ಷಮೆ ಇರಲಿ. ನಿಮ್ಮದೇ ಮಾಡೆಲ್ಲಿನ ಫೋನಿನಲ್ಲಿ ನಮ್ಮ ಆ್ಯಪನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿಸಿ ನೋಡಿದೆವು. ನೂರಕ್ಕೆ ಒಂಬತ್ತರಷ್ಟೇ ಚಾರ್ಜ್ ಇಳಿಯಿತು. ನಿಮ್ಮ ಬ್ಯಾಟರಿ ಹಳೆಯದಾಗಿರಬಹುದು, ದಯವಿಟ್ಟು ಒಮ್ಮೆ ಅಂಗಡಿಯಲ್ಲಿ ತೋರಿಸಿ." ಬರೆದವಳು ನನ್ನ ತಂಗಿ. ಅದರೊಳಗಿನ ಸುಳ್ಳು ನನ್ನದು.

ಅಥಣಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ತಂಗಿ ಚಿಕ್ಕೋಡಿಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ ಬಂದಳು. ಅಂಗಡಿಯ ಮೇಲಿನ ಖೋಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬಳೇ ಒಂದು ಆ್ಯಪ್ ಮಾಡಿದಳು, ಕುರಿಯವರಿಗಾಗಿ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದವರು ಕುರಿ ತರುಬಿಸುತ್ತಾರೆ. ಅಂದರೆ ಹಿಂಡು ಒಂದೆರಡು ರಾತ್ರಿ ಅವರ ಹೊಲದಲ್ಲಿ ಕೂಡುತ್ತದೆ. ಯಾವ ಹಿಂಡು ಎಲ್ಲಿದೆ ಎಂದು ಹೊಲದವರು ಊರೂರು ಫೋನ್ ಮಾಡಿ ಕೇಳುತ್ತಿದ್ದರು. ತಂಗಿಯ ಆ್ಯಪ್ ಕುರಿಯವನ ಫೋನಿನಿಂದ ಹತ್ತು ನಿಮಿಷಕ್ಕೊಮ್ಮೆ ಅವನಿರುವ ಜಾಗ ಹಿಡಿದು ನಕ್ಷೆಯಲ್ಲಿ ತೋರಿಸುತ್ತಿತ್ತು. ನೋಡಿದವರು ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಬಹುದು.

ಆ್ಯಪ್ ಸ್ಟೋರಿನಲ್ಲಿ ಹಾಕಿದ ಮೇಲೆ ಬಂದ ಮೊದಲ ನಾಲ್ಕೈದು ಅಭಿಪ್ರಾಯ ನಮ್ಮ ಗೆಳೆಯರವೇ. ಗುರುತಿಲ್ಲದವರಿಂದ ಬಂದ ಮೊದಲನೆಯದಕ್ಕೆ ಒಂದೇ ನಕ್ಷತ್ರವಿತ್ತು. "ಮುಂಜಾನೆ ಫುಲ್ ಚಾರ್ಜ್, ಮಧ್ಯಾಹ್ನಕ್ಕ ಫೋನ್ ಬಂದ್. ಕುರಿ ಹಿಂದ ಹೋಗೋರಿಗೆ ಇದು ಬ್ಯಾಡ."

ತಂಗಿ ಅವತ್ತು ಊಟ ಮಾಡಲಿಲ್ಲ. ಆ್ಯಪ್ ಮಾಡಿದವರಿಗೆ ಕಾಣುವ ಪುಟದಲ್ಲಿ ಅಭಿಪ್ರಾಯದ ಜೊತೆ ಫೋನಿನ ಮಾಡೆಲ್ ಕೂಡ ಇರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಕೆಳಗೆ ಬಂದಳು. ಅಂಥದೇ ಒಂದು ಹಳೆಯ ಫೋನ್ ನನ್ನ ಕಪಾಟಿನಲ್ಲಿತ್ತು. ಅವಳ ಫೋನು ಯಾವಾಗಲೂ ಲ್ಯಾಪ್‌ಟಾಪಿನ ಕೇಬಲ್ಲಿಗೆ ಸಿಕ್ಕಿಸಿಯೇ ಇರುವುದರಿಂದ ಅದರಲ್ಲಿ ಚಾರ್ಜ್ ಇಳಿಯುವುದು ಗೊತ್ತಾಗುವುದಿಲ್ಲ ಎಂದಳು. ನಾನು ಆ ಹಳೆಯ ಫೋನನ್ನು ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಹೊರಗೆ ತಿರುಗಾಡಬೇಕು, ಚಾರ್ಜಿಗೆ ಹಚ್ಚಬಾರದು, ಕೊನೆಗೆ ಎಷ್ಟು ಉಳಿದಿದೆ ಎಂದು ಹೇಳಬೇಕು. ಅಷ್ಟೇ ಕೆಲಸ.

ಮರುದಿನ ಅಂಗಡಿಯಲ್ಲಿ ಜನ ತುಂಬಿದ್ದರು. ನಾನು ಹೊರಗೆ ಹೋಗಲಿಲ್ಲ, ಫೋನು ಕೌಂಟರಿನ ಮೇಲೇ ಇತ್ತು. ಮೇಜಿನ ಮೇಲೆ ಬಿದ್ದ ಯಾವ ಫೋನಾದರೂ ನನ್ನ ಕೈ ತಾನಾಗಿ ಚಾರ್ಜರ್ ಸಿಕ್ಕಿಸುತ್ತದೆ. ಹದಿನೈದು ವರ್ಷದ ಚಾಳಿ. ನಾಲ್ಕು ಗಂಟೆಗೆ ನೋಡಿದಾಗ ಅದು ಚಾರ್ಜರಿಗೆ ತಗುಲಿಕೊಂಡು ನೂರು ತೋರಿಸುತ್ತಿತ್ತು. ಕಿತ್ತಿಟ್ಟೆ. ಆರಕ್ಕೆ ತಂಗಿ ಇಳಿದು ಬಂದು ಎಷ್ಟೈತಿ ಎಂದು ಕೇಳಿದಳು. ತೊಂಬತ್ತೊಂದು ಎಂದೆ.

"ಇಡೀ ದಿನಕ್ಕ ಒಂಬತ್ತನ?" ಎಂದಳು.

"ಹೂಂ," ಎಂದೆ.

ಆ ಒಂದು ಹೂಂ. ಬರಿ ಎರಡು ತಾಸಿನಲ್ಲಿ ಒಂಬತ್ತು ಇಳಿದಿದೆ ಎಂದು ನನಗೆ ಗೊತ್ತಿತ್ತು. ಸುಮ್ಮನೆ ಬಿದ್ದ ಫೋನು ಅಷ್ಟು ತಿನ್ನುವುದಿಲ್ಲ, ಸಿಗ್ನಲ್ ಸಿಗದ ಹೊಲದಲ್ಲಿ ತಿರುಗಿದರೆ ಇನ್ನೂ ಎಷ್ಟೋ ಹೆಚ್ಚು ತಿನ್ನುತ್ತದೆ ಎಂಬುದೂ ಗೊತ್ತಿತ್ತು, ಅದೇ ನನ್ನ ಹೊಟ್ಟೆಪಾಡು. ಆದರೆ ಅವಳ ಮುಖ ಅರಳಿತ್ತು, ಮತ್ತು ಕಲಿತ ತಂಗಿ ನನ್ನಿಂದ ಕೇಳಿದ ಒಂದೇ ಕೆಲಸವನ್ನು ಮಾಡಲಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಉತ್ತರ ಬರೆದಳು. ಮುನ್ನೂರೈವತ್ತು ಅಕ್ಷರದೊಳಗೆ ಮುಗಿಯಬೇಕಂತೆ. ಮರ್ಯಾದೆ ಸಾಲದೇನೋ ಎಂದು ಎರಡು ಸಲ ತಿದ್ದಿ, ನನಗೆ ಓದಿ ಹೇಳಿ, ಕಳಿಸಿದಳು.

ವಾರದ ನಂತರ ಒಬ್ಬ ಹಿರಿಯರು ಅಂಗಡಿಗೆ ಬಂದರು. ಹೆಗಲ ಮೇಲೆ ಕಂಬಳಿ. ಕೊಕಟನೂರ ಆಚೆ ಹಿಂಡು ಬಿಟ್ಟುಬಂದಿದ್ದೇನೆ, ಬ್ಯಾಟರಿ ಬದಲಿಸಿ ಕೊಡು ಎಂದರು. ಚಾರ್ಜ್ ಯಾವಾಗ ಇಳಿಯುತ್ತದೆ ಎಂದು ಕೇಳಿದೆ. ಮಧ್ಯಾಹ್ನಕ್ಕೇ ಸಾಯುತ್ತದೆ, ಹೊಲದವರ ಫೋನು ಬರುವುದೇ ಆಮೇಲೆ, ಎರಡು ಸಲ ಬೇರೆ ಹಿಂಡಿನವರು ಆ ಹೊಲ ಹಿಡಿದರು ಎಂದರು. ಆಮೇಲೆ ಫೋನು ನನ್ನ ಮುಂದೆ ಹಿಡಿದರು.

"ಇದನ್ನ ಓದ ತಮ್ಮಾ. ನನ್ನ ಮಗಳು ಸಿಟ್ಟಿಲೆ ಏನೋ ಬರದಿದ್ಳು. ಅದಕ್ಕ ಆ ಹೆಣ್ಣಮಗಳು ಎಷ್ಟ ಮರ್ಯಾದಿಲೆ ಉತ್ತರ ಕೊಟ್ಟಾಳ ನೋಡು. ನಮಗ ಯಾರ ಹಿಂಗ ಬರೀತಾರ?"

ನನ್ನ ತಂಗಿಯ ಉತ್ತರ. ಮೇಲೆ ಈಗ ಐದು ನಕ್ಷತ್ರಗಳಿದ್ದವು. ಮಗಳಿಗೆ ಹೇಳಿ ಬದಲು ಮಾಡಿಸಿದ್ದರಂತೆ. "ಬ್ಯಾಟರಿ ನಮ್ಮದ ಹಳೇದಂತ. ಚಂದ ತಿಳಿಸಿ ಹೇಳ್ಯಾರ," ಎಂದರು.

ಸೆಟ್ಟಿಂಗಿಗೆ ಹೋಗಿ ಯಾವ ಆ್ಯಪ್ ಎಷ್ಟು ಚಾರ್ಜ್ ತಿಂದಿದೆ ಎಂದು ನೋಡಿದೆ. ಎಲ್ಲಕ್ಕಿಂತ ಮೇಲೆ ತಂಗಿಯದೇ ಇತ್ತು. ಅವರು ಮುಂದೆಯೇ ನಿಂತಿದ್ದರು. ಹೇಳಬಹುದಿತ್ತು. "ಬ್ಯಾಟರಿ ಹಾಕ್ತೀನ್ರಿ ಕಾಕಾ," ಎಂದೆ. ಹಿಂದಿನ ಮುಚ್ಚಳಕ್ಕೆ ಬಿಸಿ ಕೊಟ್ಟು ಬಿಡಿಸಿ, ಉಬ್ಬಿರದ, ಇನ್ನೂ ಎರಡು ವರ್ಷ ಬಾಳುವಂಥ ಬ್ಯಾಟರಿಯನ್ನು ಕಿತ್ತು ಹೊಸದು ಕೂಡಿಸಿದೆ. ಈಗ ಹಿಂಡಿನ ಹಿಂದೆ ನಿಶ್ಚಿಂತೆಯಿಂದ ಹೋಗಬಹುದು ಎಂದು ನಗುತ್ತ ಹೋದರು. ಮರುದಿನ ಮಧ್ಯಾಹ್ನ ಆ ಫೋನು ಮತ್ತೆ ಸತ್ತಿರುತ್ತದೆ. ಅವರು ತಿರುಗಿ ಬಂದು ಬೈಯಲಿ ಎಂದು ದಿನಾ ಬಾಗಿಲು ನೋಡಿದೆ. ಬರಲಿಲ್ಲ. ಕಂಬಳಿ ಹೊದ್ದ ಯಾರು ರಸ್ತೆಯಲ್ಲಿ ಕಂಡರೂ ನನ್ನ ಕೈ ನಿಲ್ಲುತ್ತದೆ. ಅವರ ಹೆಸರನ್ನೂ ನಂಬರನ್ನೂ ಕೇಳಿಕೊಂಡಿರಲಿಲ್ಲ, ಆ್ಯಪಿನ ನಕ್ಷೆಯಲ್ಲಿ ಕೊಕಟನೂರ ಆಚೆ ಯಾವ ಹಿಂಡೂ ಕಾಣಲಿಲ್ಲ. ಬೈಕಿನಲ್ಲಿ ಆ ಕಡೆಗೂ ಹೋಗಿ ಬಂದೆ. ಒಂದು ಹೊಲದಲ್ಲಿ ಹಿಕ್ಕೆ ಬಿದ್ದಿತ್ತು, ಹಿಂಡು ಇರಲಿಲ್ಲ. ಹೊಳೆಯ ಕಡೆ ಹೋದರು ಎಂದರು ಅಲ್ಲಿಯವರು.

ಮನೆಯಲ್ಲಿ ತಂಗಿ ಆ ಐದು ನಕ್ಷತ್ರವನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ಒಂದು ಭಾನುವಾರ ನಿಪ್ಪಾಣಿಯ ಸೋದರಮಾವನ ಮುಂದೆ ನನ್ನತ್ತ ಕೈ ತೋರಿಸಿ, ನಮ್ಮ ದಾದಾ ದಿನವಿಡೀ ಬಿಸಿಲಲ್ಲಿ ತಿರುಗಿ ಪರೀಕ್ಷೆ ಮಾಡಿದ ಎಂದಳು. ಮಾವ ನನ್ನ ಬೆನ್ನು ತಟ್ಟಿದರು. ಅವರು ಹೋದ ಮೇಲೆ ಮೆಟ್ಟಿಲು ಹತ್ತಿ ತಂಗಿಯ ಖೋಲಿಗೆ ಹೋಗಿ ಎಲ್ಲವನ್ನೂ ಹೇಳಿದೆ: ಚಾರ್ಜರು, ನಾಲ್ಕು ಗಂಟೆ, ಹಿರಿಯರು, ಹೊಸ ಬ್ಯಾಟರಿ.

ಅವಳು ಆ ಹಳೆಯ ಫೋನನ್ನು ಕೇಳಿ ಪಡೆದು ಎರಡು ದಿನ ತಾನೇ ಬಿಸಿಲಲ್ಲಿ ತಿರುಗಿದಳು. ತಪ್ಪು ಸಿಕ್ಕಿತು. ಹತ್ತು ನಿಮಿಷಕ್ಕೊಮ್ಮೆ ಜಾಗ ಹಿಡಿದ ಮೇಲೆ ಜಿಪಿಎಸ್ ಬಂದ್ ಆಗಬೇಕಿತ್ತು. ಅವಳು ಬರೆದದ್ದರಲ್ಲಿ ಅದು ಬಂದ್ ಆಗುತ್ತಲೇ ಇರಲಿಲ್ಲ, ಫೋನಿಗೆ ನಿದ್ದೆಯೇ ಇರಲಿಲ್ಲ. ಸರಿಮಾಡಿ ಹೊಸದನ್ನು ಸ್ಟೋರಿಗೆ ಕಳಿಸಿದಳು. ಆಮೇಲೆ ಹಳೆಯ ಉತ್ತರವನ್ನು ಅಳಿಸಿ ಅದೇ ಜಾಗದಲ್ಲಿ ಬರೆದಳು: "ನಮಸ್ಕಾರ. ನಮ್ಮ ಮೊದಲಿನ ಉತ್ತರ ಸುಳ್ಳು. ದಿನವಿಡೀ ಓಡಿಸಿ ನೋಡಿರಲಿಲ್ಲ. ತಪ್ಪು ನಮ್ಮ ಆ್ಯಪಿನದು, ನಿಮ್ಮ ಬ್ಯಾಟರಿಯದಲ್ಲ. ಹೊಸ ಅಪ್‌ಡೇಟಿನಲ್ಲಿ ಸರಿಮಾಡಿದ್ದೇವೆ. ನಿಮಗಾದ ನಷ್ಟಕ್ಕೆ ಕ್ಷಮಿಸಿ."

ಪರೀಕ್ಷೆ ಮಾಡದವನು ಅಣ್ಣ ಎಂದು ಬರೆ ಎಂದೆ.

"ಅಲ್ಲಿ ನಿನ್ನ ಹೆಸರಿಲ್ಲ ದಾದಾ," ಎಂದಳು. "ನಂದೈತಿ."

ಉತ್ತರ ಬದಲಾದರೆ ಅಭಿಪ್ರಾಯ ಬರೆದವರಿಗೆ ಸುದ್ದಿ ಹೋಗುತ್ತದಂತೆ. ಅವರು ಓದಿದರೋ, ಆ್ಯಪನ್ನೇ ತೆಗೆದುಹಾಕಿದರೋ ತಿಳಿಯಲಿಲ್ಲ. ಐದು ನಕ್ಷತ್ರ ಹಾಗೇ ಇವೆ. ಅವನ್ನು ತೆಗೆಯಲು ತಂಗಿಗೆ ಆಗುವುದಿಲ್ಲ, ಕೊಟ್ಟವರೇ ತೆಗೆಯಬೇಕು.

ತಂಗಿ ನನ್ನ ಮೇಲೆ ಸಿಟ್ಟಾಗಿಲ್ಲ. ಈಗಲೂ ಹೊಸದೇನಾದರೂ ಮಾಡಿದರೆ ಫೋನು ನನ್ನ ಕೈಗೇ ಕೊಡುತ್ತಾಳೆ, ನಾನೂ ಈಗ ಹೊರಗೆ ಹೋಗುತ್ತೇನೆ. ಸಂಜೆ ಎಷ್ಟು ಉಳಿದಿದೆ ಎಂದು ನಾನು ಹೇಳತೊಡಗಿದರೆ ಮಾತ್ರ ಮೆಲ್ಲಗೆ ತಡೆಯುತ್ತಾಳೆ.

"ಸ್ಕ್ರೀನ್‌ಶಾಟ್ ಕಳಸು ದಾದಾ," ಎನ್ನುತ್ತಾಳೆ.

ಕಳಿಸುತ್ತೇನೆ. ಅವಳು ಅದನ್ನು ದೊಡ್ಡದು ಮಾಡಿ, ಮೂಲೆಯಲ್ಲಿ ಚಾರ್ಜಿನ ಗುರುತು ಇದೆಯೇ ಎಂದು ನೋಡುತ್ತಾಳೆ.