ಹದಿನೈದು ಡಿಗ್ರಿ ಕೆಳಗೆ

ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆಂದು ದೇವನಹಳ್ಳಿಯ ಕಾಲೇಜಿಗೆ ಬಂದ ಪ್ರಮೋದಾಗೆ, ಮುಖ್ಯ ಮೌಲ್ಯಮಾಪಕರ ಕುರ್ಚಿಯಲ್ಲಿ ಕೆಂಪರಾಜು ಮೇಷ್ಟ್ರು ಕೂತಿರುವುದು ಕಂಡಿತು. ಹನ್ನೊಂದು ವರ್ಷವಾಗಿತ್ತು ಅವರನ್ನು ನೋಡಿ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು. ಪೆನ್ನು ಹಿಡಿದು ಬೆರಳಾಡಿಸುವ ಗತ್ತು ಮಾತ್ರ ಹಾಗೇ ಇತ್ತು.

ಅವರು ಆಕೆಯ ಗುರುತು ಹಿಡಿದರು. "ಓ, ವಿಜಯಪುರದ ಹುಡುಗಿ! ಗೆಸ್ಟ್ ಲೆಕ್ಚರರ್ ಆಗಿದ್ದೀಯಾ? ಪರವಾಗಿಲ್ವೇ" ಎಂದು ನಕ್ಕರು.

"ಹೌದು ಸಾರ್" ಎಂದಳು ಪ್ರಮೋದಾ.

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಆಕೆ ಅವರ ವಿದ್ಯಾರ್ಥಿನಿ. ಕಿರುಪರೀಕ್ಷೆಯಲ್ಲಿ 8i ಎಂಬ ಸಂಕೀರ್ಣ ಸಂಖ್ಯೆಯ ಮೂರು ಘನಮೂಲಗಳನ್ನು ಕೇಳಿದ್ದರು. ಉಳಿದವರೆಲ್ಲ ಸೂತ್ರ ಬರೆದು ಸಾಲು ಸಾಲು ಲೆಕ್ಕ ಮಾಡಿದರು. ಪ್ರಮೋದಾ ಕೈವಾರ ತೆಗೆದು, ಎಂಟರ ಘನಮೂಲವಾದ ಎರಡು ಮಾನ ತ್ರಿಜ್ಯದ ವೃತ್ತ ಎಳೆದಳು. 8i ಇರುವುದು ತೊಂಬತ್ತು ಡಿಗ್ರಿಯಲ್ಲಿ. ಅದರ ಮೂರನೆಯ ಒಂದು ಭಾಗ ಮೂವತ್ತು. ಅಲ್ಲೊಂದು ಚುಕ್ಕೆ. ಅಲ್ಲಿಂದ ನೂರಿಪ್ಪತ್ತು ಡಿಗ್ರಿ ಸರಿದು ಇನ್ನೊಂದು, ಮತ್ತೆ ನೂರಿಪ್ಪತ್ತು ಸರಿದು ಮೂರನೆಯದು. ಚಿತ್ರ ನೋಡಿಕೊಂಡೇ √3+i, −√3+i, −2i ಎಂದು ಬರೆದಳು. ಮೂರೂ ಸರಿ.

ಮರುದಿನ ಕೆಂಪರಾಜು ಆ ಹಾಳೆಯನ್ನು ತರಗತಿಗೆ ಎತ್ತಿ ತೋರಿಸಿದರು. "ಹೆಜ್ಜೆಗಳೇ ಇಲ್ಲದೆ ಉತ್ತರ ಎಲ್ಲಿಂದ ಉದುರ್ತು? ಯಾರ ಚೀಟಿ ನೋಡಿದೆ?" ಎಂದರು. ಆಕೆ ವೃತ್ತವನ್ನು ವಿವರಿಸಲು ಬಾಯಿ ತೆರೆದಳು. ಅವರು ಹಾಳೆಯನ್ನು ನಾಲ್ಕು ಚೂರು ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ ಮುನಿಶಾಮಪ್ಪನನ್ನು ಕರೆಸಿ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಿಸಿ, ಮಗಳು ಕಳ್ಳತನ ಮಾಡಿದ್ದಾಳೆ ಎಂದು ಎಲ್ಲರ ಮುಂದೆ ಹೇಳಿದರು. ಅಪ್ಪ ಕೈ ಮುಗಿದ. ಮುಗಿದ ಕೈಗೆ ಅಂಟಿಕೊಂಡಿದ್ದ ರೇಷ್ಮೆ ಎಳೆಗಳನ್ನು ನೋಡಿ ಯಾರೋ ನಕ್ಕಿದ್ದರು.

ಆ ನಗುವನ್ನು ಪ್ರಮೋದಾ ಎಂ.ಎಸ್ಸಿ. ಮುಗಿಯುವವರೆಗೂ ಒಳಗೇ ಇಟ್ಟುಕೊಂಡು ಓದಿದ್ದಳು.

ಬೆಳಿಗ್ಗೆ ಹತ್ತು ಗಂಟೆಗೆ ಕೆಂಪರಾಜು ಮಾದರಿ ಉತ್ತರಗಳನ್ನು ಓದಿ ಹೇಳತೊಡಗಿದರು. ಕೋಣೆಯಲ್ಲಿ ಹನ್ನೆರಡು ಮಂದಿ ಮೌಲ್ಯಮಾಪಕರು. ಏಳನೇ ಪ್ರಶ್ನೆ: −8+8√3 i ಇದರ ನಾಲ್ಕನೇ ಮೂಲಗಳನ್ನೆಲ್ಲ ಕಂಡುಹಿಡಿದು ವೃತ್ತದ ಮೇಲೆ ಗುರುತಿಸಿ. ಆರು ಅಂಕ.

"ಮಾಡ್ಯುಲಸ್ ಹದಿನಾರು. ಅದರ ನಾಲ್ಕನೇ ಮೂಲ ಎರಡು, ಅದೇ ತ್ರಿಜ್ಯ. ಕೋನ ಮೈನಸ್ ಅರವತ್ತು, ನಾಲ್ಕರಿಂದ ಭಾಗಿಸಿದ್ರೆ ಮೈನಸ್ ಹದಿನೈದು. ಆಮೇಲೆ ತೊಂಬತ್ತು ತೊಂಬತ್ತು ಸೇರಿಸ್ತಾ ಹೋಗಿ. ಎಪ್ಪತ್ತೈದು, ನೂರ ಅರವತ್ತೈದು, ಇನ್ನೂರ ಐವತ್ತೈದು. ಬರ್ಕೊಂಡ್ರಾ? ಉತ್ತರ ಹೊಂದದೇ ಇದ್ರೆ ಸೊನ್ನೆ. ಕರುಣೆ ಗಿರುಣೆ ಬೇಡ."

ಪ್ರಮೋದಾಳ ಪೆನ್ನು ನಿಂತಿತು. ಆ ಸಂಖ್ಯೆಯ ಮೊದಲ ಭಾಗ ಋಣ, ಎರಡನೆಯದು ಧನ. ಹಾಗಾಗಿ ಅದು ಎಡಗಡೆ ಮೇಲಿರಬೇಕು, ನೂರಿಪ್ಪತ್ತು ಡಿಗ್ರಿಯಲ್ಲಿ. ಕೆಂಪರಾಜು ಎರಡನೆಯ ಭಾಗವನ್ನು ಮೊದಲನೆಯದರಿಂದ ಭಾಗಿಸಿ ಬಂದದ್ದನ್ನು ಕ್ಯಾಲ್ಕುಲೇಟರಿಗೆ ಕೊಟ್ಟು, ಅದು ತೋರಿಸಿದ ಕೋನವನ್ನೇ ಕಣ್ಣು ಮುಚ್ಚಿ ಬರೆದಿದ್ದರು. ಆ ಕೋನಕ್ಕೆ ನೂರೆಂಬತ್ತು ಸೇರಿಸುವುದನ್ನು ಮರೆತಿದ್ದರು. ನಿಜವಾದ ಮೂಲಗಳು ಮೂವತ್ತು, ನೂರಿಪ್ಪತ್ತು, ಇನ್ನೂರ ಹತ್ತು, ಮುನ್ನೂರು ಡಿಗ್ರಿಗಳಲ್ಲಿರುತ್ತವೆ. ಮೇಷ್ಟ್ರ ನಾಲ್ಕು ಚುಕ್ಕೆಗಳೂ ಅದೇ ವೃತ್ತದ ಮೇಲೆ ಸಮದೂರದಲ್ಲಿ ಚೆಂದವಾಗಿ ಕೂತಿದ್ದವು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಮೊದಲ ಚುಕ್ಕೆ ತಪ್ಪಿದ್ದರಿಂದ ನಾಲ್ಕೂ ತಪ್ಪಿದ್ದವು.

ಆಗಲೇ ಕೈ ಎತ್ತಿದ್ದರೆ ಅವರು "ಓ, ಹೌದಲ್ಲ" ಎಂದು ತಿದ್ದಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಪ್ರಮೋದಾಗೆ ಅಷ್ಟು ಸಾಲದು. ಮೂರು ಗಂಟೆಗೆ ವಿಶ್ವವಿದ್ಯಾಲಯದ ಅಧಿಕಾರಿ ಬರುವವರಿದ್ದರು. ಕೆಂಪರಾಜು ಮಾದರಿ ಉತ್ತರದ ಹಾಳೆಯ ಕೆಳಗೆ ಸಹಿ ಹಾಕಿ ಮೊಹರು ಒತ್ತುವುದನ್ನು ಆಕೆ ಸುಮ್ಮನೆ ನೋಡಿದಳು.

ತನ್ನ ಕಟ್ಟಿನಲ್ಲಿ ಏಳನೇ ಪ್ರಶ್ನೆಯನ್ನು ಬಿಟ್ಟು ಉಳಿದವನ್ನು ತಿದ್ದುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಬಿಂದುಶ್ರೀ ಒಂದು ಪತ್ರಿಕೆ ತೋರಿಸಿದಳು. "ನೋಡೇ, ಎಷ್ಟು ನೀಟಾಗಿ ವೃತ್ತ ಬರ್ದಿದೆ ಈ ಮಗು. ಪಾಪ, ಉತ್ತರವೇ ಬೇರೆ" ಎಂದು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದಳು. ಮೂವತ್ತು, ನೂರಿಪ್ಪತ್ತು, ಇನ್ನೂರ ಹತ್ತು, ಮುನ್ನೂರು. ನಾಲ್ಕೂ ಸರಿ.

ಪ್ರಮೋದಾಗೆ ಎದ್ದು ಹೇಳಿಬಿಡಬೇಕೆನ್ನಿಸಿತು. ಗಡಿಯಾರ ನೋಡಿದಳು. ಅಧಿಕಾರಿ ಬರಲು ಇನ್ನೂ ಎರಡು ತಾಸಿತ್ತು. ಆ ಪತ್ರಿಕೆಯ ಸಂಕೇತ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡಳು, ಎದ್ದೇಳಲಿಲ್ಲ. ಊಟದ ಡಬ್ಬಿಯನ್ನೂ ತೆರೆಯಲಿಲ್ಲ.

ಅಧಿಕಾರಿ ಬಂದು ಕೂತು, ಕೆಲಸ ಹೇಗೆ ಸಾಗಿದೆ ಎಂದು ವಿಚಾರಿಸಿದರು. ಕೆಂಪರಾಜು ಬೀಗಿದರು. "ಮುನ್ನೂರು ಪತ್ರಿಕೆ ಮುಗೀತು ಸಾರ್. ನಂದು ಕಟ್ಟುನಿಟ್ಟು."

ಪ್ರಮೋದಾ ಎದ್ದು ನಿಂತಳು. "ಸಾರ್, ಏಳನೇ ಪ್ರಶ್ನೇಲಿ ಒಂದು ಸಂಶಯ. ಬೋರ್ಡ್ ಮೇಲೆ ತಿಳಿಸಿಕೊಡ್ತೀರಾ?"

"ಇಷ್ಟೂ ಗೊತ್ತಿಲ್ವಾ? ಪಾಠ ಹೇಗಮ್ಮ ಮಾಡ್ತೀಯಾ?" ಎಂದು ಗೊಣಗುತ್ತ ಅವರು ಬೋರ್ಡಿಗೆ ಹೋದರು.

"ಹೆಚ್ಚೇನೂ ಬೇಡ ಸಾರ್. ನಿಮ್ಮ ಮೊದಲನೇ ಮೂಲಾನ ನಾಲ್ಕನೇ ಘಾತಕ್ಕೆ ಏರಿಸಿ. ಕೊಟ್ಟಿರೋ ಸಂಖ್ಯೆ ವಾಪಸ್ ಬರಬೇಕಲ್ವಾ?"

"ಬರದೆ ಎಲ್ಲೋಗುತ್ತೆ?" ಎರಡರ ನಾಲ್ಕನೇ ಘಾತ ಹದಿನಾರು ಎಂದು ಬರೆದರು. ಮೈನಸ್ ಹದಿನೈದನ್ನು ನಾಲ್ಕರಿಂದ ಗುಣಿಸಿ ಮೈನಸ್ ಅರವತ್ತು ಬರೆದರು. ಕೊಸೈನ್ ಅರ್ಧ, ಆದ್ದರಿಂದ ಎಂಟು. ಸೈನ್ ಋಣ. 8−8√3 i ಎಂದು ಬರೆದು ಮುಗಿಸುವಾಗ ಅವರ ಕೈ ನಿಧಾನವಾಯಿತು.

"ಪ್ರಶ್ನೇಲಿ ಏನಿದೆ ಸಾರ್? ಜೋರಾಗಿ ಓದಿ."

ಅವರು ಒರೆಸಲು ಡಸ್ಟರ್ ಎತ್ತಿದರು.

"ಒರೆಸಬೇಡಿ" ಎಂದಳು ಪ್ರಮೋದಾ. ಆ ದನಿ ಆಕೆಗೇ ಹೊಸದು. "ಎರಡೂ ಚಿಹ್ನೆ ಉಲ್ಟಾ ಬಂದಿದೆ. ನೀವು ಬೇರೆ ಯಾವುದೋ ಸಂಖ್ಯೆಯ ಮೂಲ ಬರ್ದಿದ್ದೀರಿ. ಸರಿಯಾಗಿ ಬರೆದ ಮಕ್ಕಳಿಗೆಲ್ಲ ಸೊನ್ನೆ ಕೊಡಿಸಿದ್ದೀರಿ. ಕೋನ ನೂರಿಪ್ಪತ್ತು ಆಗಬೇಕಿತ್ತು. ಯಾಕೆ ಅಂತ ನೀವೇ ವಿವರಿಸಿ ಸಾರ್. ಹೆಜ್ಜೆ ಹೆಜ್ಜೆಯಾಗಿ."

ಹನ್ನೆರಡು ಮಂದಿಯ ಮುಂದೆ, ಬೆವರೊರೆಸಿಕೊಳ್ಳುತ್ತ, ಸಂಖ್ಯೆ ಎರಡನೇ ಚತುರ್ಥಕದಲ್ಲಿ, ಅಂದರೆ ಎಡಗಡೆ ಮೇಲಿನ ಕಾಲುಭಾಗದಲ್ಲಿದೆ ಎಂದು ಅವರು ವಿವರಿಸಿದರು. ಅವರು ಮಾತು ನುಂಗಿದಾಗಲೆಲ್ಲ ಆಕೆ "ಕೇಳಿಸ್ಲಿಲ್ಲ ಸಾರ್" ಎಂದಳು. ಮೂರು ಸಲ ಹಾಗೆ ಹೇಳಿದಳು. ಒಂದೊಂದು ಸಲವೂ ಎದೆಯೊಳಗೆ ತಣ್ಣಗೆ ನೀರು ಹೊಯ್ದಂತಾಯಿತು.

ಅಧಿಕಾರಿ ಅಲ್ಲೇ ಕೆಂಪರಾಜುವನ್ನು ಆ ಹೊಣೆಯಿಂದ ಬಿಡಿಸಿ, ಮುನ್ನೂರು ಪತ್ರಿಕೆಗಳ ಏಳನೇ ಪ್ರಶ್ನೆಯನ್ನು ಮತ್ತೆ ತಿದ್ದಲು ಹೇಳಿದರು. ಆಮೇಲೆ ಪ್ರಮೋದಾಳ ಕಡೆ ತಿರುಗಿದರು. "ಬೆಳಿಗ್ಗೆ ನೋಡಲಿಲ್ವಾ ಮೇಡಂ?"

"ನೋಡಿದ್ದೆ" ಎಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬಿಂದುಶ್ರೀ ಅವಳನ್ನೇ ನೋಡಿ, ತನ್ನ ಕಟ್ಟನ್ನು ಬಿಚ್ಚಿದಳು. ಅಂಗೈಯ ಸಂಖ್ಯೆ ನೋಡಿ ಪ್ರಮೋದಾ ಆ ಪತ್ರಿಕೆಯನ್ನು ಮೊದಲು ಹುಡುಕಿ ಕೊಟ್ಟಳು. ಬಿಂದುಶ್ರೀ ಸೊನ್ನೆಯನ್ನು ಹೊಡೆದು ಆರು ಬರೆದಳು.

ಹೊರಡುವಾಗ ಬಾಗಿಲ ಬಳಿ ಕೆಂಪರಾಜು ಸಿಕ್ಕರು. "ನನಗೆ ಒಬ್ಬನಿಗೇ ಹೇಳಬಹುದಿತ್ತಲ್ಲಮ್ಮ."

"ನಮ್ಮಪ್ಪಂಗೂ ನೀವು ಒಬ್ಬನಿಗೇ ಹೇಳಬಹುದಿತ್ತು."

ಅವರು ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು.

ಹತ್ತಿರದ ವಿಜಯಪುರದಲ್ಲಿ ಬಸ್ಸಿಳಿದು ಆಕೆ ಸೀದಾ ಕಾರ್ಖಾನೆಗೆ ಹೋದಳು. ಮುನಿಶಾಮಪ್ಪ ಯಂತ್ರದ ಸದ್ದಿನಿಂದ ಹೊರಬಂದು, ಎಲ್ಲವನ್ನೂ ಒಂದೂ ಬಿಡದಂತೆ ಕೇಳಿಸಿಕೊಂಡ. ಬಿಡವ್ವಾ, ಹಳೇದೆಲ್ಲ ಯಾಕೆ ಎನ್ನುತ್ತಾನೆ ಎಂದುಕೊಂಡಿದ್ದಳು.

"ಎಷ್ಟೊತ್ತು ನಿಂತಿದ್ದ ಬೋರ್ಡ್ ಮುಂದೆ?" ಎಂದು ಕೇಳಿದ.

"ಹತ್ತು ನಿಮಿಷ ಆಗಿರಬಹುದು ಕಣಪ್ಪ."

"ನನ್ನ ಅರ್ಧ ಗಂಟೆ ನಿಲ್ಲಿಸಿದ್ದ" ಎಂದ ಮುನಿಶಾಮಪ್ಪ. "ಬೇಗ ಬಿಟ್ಬಿಟ್ಟೆ ಕಣವ್ವಾ."