ಒಂದೇ ಬಾಣದ ಮೇಲೆ ಇಬ್ಬರು

ಬೆಳಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಾ ಹೆಂಡತಿ ಹೇಳಿದ್ದು ಒಂದೇ ಮಾತು. “ಇವತ್ತೊಂದು ದಿನ ಹೊರಗೆ ನೋಡ್ತಾ ನಿಂತ್ಬಿಡ್ಬೇಡ್ರೀ. ಪಾಠ ಕೇಳೋಕೆ ಬರೋರು ಬರೀ ಮಕ್ಕಳಲ್ಲ.”

ಆತ ‘ಹೂಂ’ ಎಂದ. ಕಾಲೇಜಿನ ಮಕ್ಕಳು ಈ ತಾತ್ಕಾಲಿಕ ಗಣಿತದ ಮೇಷ್ಟ್ರಿಗೆ ‘ಕಿಟಕಿ ಸರ್’ ಎಂದು ಹೆಸರಿಟ್ಟಿದ್ದರು. ಪ್ರಮೇಯದ ನಟ್ಟನಡುವೆ ಸೀಮೆಸುಣ್ಣ ಎತ್ತಿದ ಕೈ ಎತ್ತಿದಂತೆಯೇ ಇರುತ್ತಿತ್ತು, ಮನಸ್ಸು ಮಾತ್ರ ಮೋಡದ ಜೊತೆ ಹೊರಟುಬಿಡುತ್ತಿತ್ತು. ಕೂದಲು ನರೆತರೂ ಕೆಲಸ ಖಾಯಂ ಆಗಿರಲಿಲ್ಲ. ಇವತ್ತಿನ ಪಾಠ ಚೆನ್ನಾಗಿ ನಡೆದರೆ ಆಗುತ್ತದೆ, ಇಲ್ಲವಾದರೆ ಮನೆಗೆ ಹೋಗಿ ಪೂರ್ತಿ ಹೊತ್ತು ಹೊರಗೆ ನೋಡಿಕೊಂಡಿರಬಹುದು.

ತರಗತಿಯ ಹಿಂದಿನ ಬೆಂಚಿನಲ್ಲಿ ಪಾಠ ನೋಡಿ ಅಂಕ ಹಾಕಲು ಇಬ್ಬರು ಕೂತಿದ್ದರು: ವಿಭಾಗದ ಮುಖ್ಯಸ್ಥರು, ಪಕ್ಕದಲ್ಲಿ ಹೊರಗಿನಿಂದ ಬಂದ ಹಿರಿಯ ಪ್ರೊಫೆಸರ್ ಮೇಡಂ. ಆತ ಪಾಠ ಶುರುಮಾಡಿದ. ಮ್ಯಾಟ್ರಿಕ್ಸ್ ಅಂದರೆ ಸಾಲುಸಾಲಾಗಿ ಜೋಡಿಸಿದ ಅಂಕಿಗಳು, ಬಾಣಗಳನ್ನು ತಿರುಗಿಸಿ ಎಳೆಯುವ ಯಂತ್ರ. ಕೆಲವು ಹಟಮಾರಿ ಬಾಣಗಳು ಮಾತ್ರ ತಮ್ಮ ಗೆರೆ ಬಿಡುವುದಿಲ್ಲ. ಉದ್ದ ಬದಲಾಗಬಹುದು, ಹಿಂದುಮುಂದಾಗಬಹುದು, ಅಷ್ಟೇ. ಎಷ್ಟು ಪಟ್ಟು ಬದಲಾಯಿತೋ ಅದೇ ಐಗನ್ ಮೌಲ್ಯ. ಮಕ್ಕಳು ತಲೆಯಾಡಿಸಿದರು. ಹುರುಪು ಬಂತು. ಬೋರ್ಡಿನ ಮೇಲೆ ಬರೆದ: A ಎಂಬ ಮ್ಯಾಟ್ರಿಕ್ಸ್ v ಎಂಬ ಬಾಣವನ್ನು ಇಷ್ಟು ಪಟ್ಟು ಮಾಡುತ್ತದೆ, B ಅದೇ v ಯನ್ನು ಅಷ್ಟು ಪಟ್ಟು ಮಾಡುತ್ತದೆ, ಆದ್ದರಿಂದ ಎರಡನ್ನೂ ಕೂಡಿಸಿದರೆ ಐಗನ್ ಮೌಲ್ಯಗಳೂ ಕೂಡುತ್ತವೆ. ಎರಡೇ ಸಾಲು, ಬೆಣ್ಣೆಯ ಹಾಗೆ ಜಾರಿತು. ಮುಖ್ಯಸ್ಥರು ತಲೆದೂಗಿದರು, ಮೇಡಂ ಕೂಡ.

ಆ ಸುಖದಲ್ಲಿ ಅವನ ಕಣ್ಣು, ಹೇಳಿಸಿಕೊಂಡಿದ್ದರೂ, ಕಿಟಕಿಗೆ ಹೋಯಿತು.

ಅಂಗಳದಲ್ಲಿ ಗುಡಿಸುವಾಕೆ ಒಣಗಿದ ಎಲೆಗಳನ್ನು ಗೇಟಿನ ಕಡೆ ತಳ್ಳುತ್ತಿದ್ದಳು. ಗಾಳಿ ಅವನ್ನು ಗೋಡೆಯ ಕಡೆ ತಳ್ಳುತ್ತಿತ್ತು. ಎಲೆಗಳು ಗೇಟಿಗೂ ಹೋಗಲಿಲ್ಲ, ಗೋಡೆಗೂ ಹೋಗಲಿಲ್ಲ. ನಡುವೆ ಇನ್ಯಾವುದೋ ತಮ್ಮದೇ ದಾರಿ ಹಿಡಿದು, ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಸಾಗಿದವು. ಅವನೂ ಅವುಗಳ ಜೊತೆ ಸ್ವಲ್ಪ ದೂರ ಹೋದ. ಪೊರಕೆಯ ದಿಕ್ಕು ಬೇರೆ, ಗಾಳಿಯ ದಿಕ್ಕು ಬೇರೆ. ಹಾಗಾದರೆ A ಗೂ B ಗೂ ಒಂದೇ v ಇರಲೇಬೇಕು ಅಂತ ಯಾರು ಹೇಳಿದರು?

ಯಾರೂ ಹೇಳಿರಲಿಲ್ಲ. ಅವನೇ ಬರೆದಿದ್ದ. ಸುಮ್ಮನಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಗಂಟೆ ಹೊಡೆಯುತ್ತದೆ, ಕೆಲಸ ಕೈಯಲ್ಲಿರುತ್ತದೆ. ಮುಂದಿನ ಸಾಲಿನ ಹುಡುಗಿಯರು ಮಾತ್ರ ಅಷ್ಟರಲ್ಲಿ ಆ ಎರಡು ಸಾಲಿನ ಸುತ್ತ ಚೌಕ ಹಾಕುತ್ತಿದ್ದರು, ಪರೀಕ್ಷೆಗೆ ಬರುತ್ತದೆ ಎಂದು.

“ಚೌಕ ಹಾಕ್ಬೇಡ್ರಮ್ಮ,” ಎಂದ. “ನಾನು ಬರ್ದಿದ್ದು ತಪ್ಪು.”

ಬೋರ್ಡು ಒರೆಸಿ ಹೊಸದಾಗಿ ಬರೆದ. A ಯಲ್ಲಿ ಮೇಲಿನ ಸಾಲು ಸೊನ್ನೆ, ಒಂದು. ಕೆಳಗೆ ಎರಡೂ ಸೊನ್ನೆ. B ಯಲ್ಲಿ ಮೇಲೆ ಎರಡೂ ಸೊನ್ನೆ. ಕೆಳಗೆ ಒಂದು, ಸೊನ್ನೆ. “ಎರಡಕ್ಕೂ ಇರೋ ಐಗನ್ ಮೌಲ್ಯ ಸೊನ್ನೆ ಒಂದೇ. ನನ್ನ ಹಾಗೆ ಸೋಮಾರಿಗಳು. ಈಗ ಇಬ್ರನ್ನೂ ಕೂಡ್ಸಿ.”

ಕೂಡಿಸಿದರೆ ಮೇಲೆ ಸೊನ್ನೆ, ಒಂದು. ಕೆಳಗೆ ಒಂದು, ಸೊನ್ನೆ. ಬಾಣದ ಎರಡು ಅಂಕಿಗಳನ್ನು ಅದಲುಬದಲು ಮಾಡುವ ಯಂತ್ರ. (1, 1) ಎಂಬ ಬಾಣ ಇದ್ದ ಹಾಗೇ ಉಳಿಯುತ್ತದೆ: ಮೌಲ್ಯ ಒಂದು. (1, −1) ತಲೆಕೆಳಗಾಗುತ್ತದೆ: ಮೌಲ್ಯ ಮೈನಸ್ ಒಂದು.

“ಸೊನ್ನೆಗೆ ಸೊನ್ನೆ ಕೂಡಿಸಿದ್ರೆ ಸೊನ್ನೆ ಬರ್ಬೇಕಿತ್ತು. ಬಂದಿಲ್ಲ. ಯಾಕೆ? ಈ ಎರಡು ಬಾಣ A ಗೂ ಗುರುತಿಲ್ಲ, B ಗೂ ಗುರುತಿಲ್ಲ. ಇಬ್ರೂ ಸೇರಿದ ಮೇಲೆ ಹುಟ್ಟಿದವು. ಇಬ್ರೂ ಒಂದೇ ಬಾಣವನ್ನ ಹಿಡ್ಕೊಂಡಿದ್ರೆ ಮಾತ್ರ ಆ ಬಾಣದ ಮಟ್ಟಿಗೆ ನನ್ನ ಮೊದಲ್ನೇ ಲೆಕ್ಕ ಸರಿ.”

ಮೇಡಂ ಕೇಳಿದರು: “ಏನೂ ಕೂಡೋದೇ ಇಲ್ವಾ ಹಾಗಾದ್ರೆ?”

“ಕೂಡತ್ತೆ ಮೇಡಂ. ಎಲ್ಲಾ ಮೌಲ್ಯಗಳ ಒಟ್ಟು ಮೊತ್ತ ಕೂಡತ್ತೆ. ಒಂದು, ಮೈನಸ್ ಒಂದು, ಒಟ್ಟು ಸೊನ್ನೆ. ಮೊತ್ತ ಮೋಸ ಮಾಡಲ್ಲ, ಬಿಡಿಬಿಡಿಯಾಗಿ ನಂಬೋ ಹಾಗಿಲ್ಲ.”

ಗಂಟೆ ಹೊಡೆಯಿತು. ಮಕ್ಕಳು ಹೋದ ಮೇಲೆ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. “ಮೊದಲು ತಪ್ಪು ಬರೆದು ಆಮೇಲೆ ತಿದ್ದೋದು ನಿಮ್ಮ ಬೋಧನಾ ವಿಧಾನ, ಅಲ್ವಾ?”

ಹಗ್ಗ ಎಸೆದಿದ್ದರು, ಹಿಡಿದುಕೊಂಡರೆ ಸಾಕಿತ್ತು. “ಇಲ್ಲ ಸಾರ್,” ಎಂದುಬಿಟ್ಟ. “ನಿಜವಾಗ್ಲೂ ತಪ್ಪಿದ್ದೆ.”

ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು. ಮೇಡಂ ಅವರ ಕೈ ತಡೆದರು. “ಇದಕ್ಕೆ ಇವರ ಅಂಕ ಕಡಿಯೋದಾದ್ರೆ ನಮ್ಮಿಬ್ಬರದೂ ಕಡೀಬೇಕು ಸಾರ್. ತಪ್ಪಿಗೆ ತಲೆಯಾಡಿಸಿದ್ದು ನಾವೇ ತಾನೇ? ವ್ಯತ್ಯಾಸ ಅಂದ್ರೆ, ಇವರು ತಿದ್ಕೊಂಡ್ರು, ನಾವು ಇನ್ನೂ ಆಡಿಸ್ತಾ ಇದ್ವಿ.”

ಮುಖ್ಯಸ್ಥರ ಕಿವಿ ಕೆಂಪಾಯಿತು. ಆದರೂ ಖಾಯಂ ಮಾಡುವ ಕಾಗದಕ್ಕೆ ರುಜು ಹಾಕಿದರು.

ಸಂಜೆ ಆತ ತೇಲುತ್ತಾ ಮನೆ ಸೇರಿದ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ.

“ಕೆಲಸ ಖಾಯಂ ಆಯ್ತು ಕಣೇ.”

ಹೆಂಡತಿ ಮಡಿಸುತ್ತಿದ್ದ ಬಟ್ಟೆ ಬಿಟ್ಟು ನಿಂತಳು. “ನಿಜವಾಗ್ಲೂ? ಅದೇನು ಮಾಡಿದ್ರಿ?”

“ತಪ್ಪು ಮಾಡ್ದೆ. ಆಮೇಲೆ ಒಪ್ಕೊಂಡೆ.”

ಆಕೆ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. “ಮೊದಲ್ನೇದು ಮನೇಲಿ ದಿನಾ ಅಭ್ಯಾಸ ಮಾಡ್ತಾನೇ ಇದ್ರಿ. ಎರಡನೇದನ್ನ ಎಲ್ಲಿ ಕಲಿತ್ರಿ?”