ಐನೂರರ ಒಳಗಿನ ಸ್ಲೈಡ್

ಒಂದು ಸ್ಲೈಡಿಗೆ ಒಂದೇ ಬೆಲೆ, ಒಂದೇ ವಸ್ತು, ಒಂದೇ ಮಾತು. ಇಷ್ಟು ಸಣ್ಣ ನಿಯಮಕ್ಕಾಗಿ ಡೊಂಬಿವಲಿಯ ಗಿಫ್ಟ್ ಅಂಗಡಿಯೊಂದರಲ್ಲಿ ನಾನು ಮೂರು ದಿನ ಜಗಳವಾಡಿದ್ದೆ. ಗೆದ್ದೆ ಕೂಡ. ಅವತ್ತು ಸೋತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಈಗ ಅನಿಸುತ್ತದೆ. ಆದರೆ ಸೋಲುವುದು ನನ್ನ ಜಾಯಮಾನದಲ್ಲೇ ಇಲ್ಲ.

ಮದುವೆಯಾಗಿ ಮೈಸೂರಿನಿಂದ ಮರಾಠಿ ನಾಡಿನ ಕಲ್ಯಾಣಕ್ಕೆ ಬಂದವಳು ನಾನು. ಮಕ್ಕಳು ದೊಡ್ಡವರಾದ ಮೇಲೆ ಸಣ್ಣಪುಟ್ಟ ಅಂಗಡಿಗಳಿಗೆ ಸೋಷಿಯಲ್ ಮೀಡಿಯಾ ಪೋಸ್ಟ್ ಮಾಡಿಕೊಡುವ ಕೆಲಸ ಹಿಡಿದೆ. ಡೊಂಬಿವಲಿಯ ಈ ಅಂಗಡಿಯ ಮಾಲೀಕರು ಉಡುಪಿ ಕಡೆಯವರು, ಒಳ್ಳೆಯವರೇ. ಆದರೆ ಖಾಲಿ ಜಾಗ ಕಂಡರೆ ಅವರಿಗಾಗದು. ಅಂಗಡಿಯ ಶೆಲ್ಫಿನ ಹಾಗೆಯೇ ಪೋಸ್ಟೂ ತುಂಬಿರಬೇಕು.

ಆ ಸಲದ ದೀಪಾವಳಿಗೆ ಗಿಫ್ಟ್ ಗೈಡ್ ಮಾಡೋಣ ಎಂದೆ. ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಾ ನೋಡುವ ಏಳು ಚಿತ್ರಗಳ ಕರೋಸಲ್. ಮೊದಲನೆಯದು ಮುಖಪುಟ. ಆಮೇಲೆ ಇನ್ನೂರೈವತ್ತರ ಒಳಗೆ, ಐನೂರರ ಒಳಗೆ, ಸಾವಿರದ ಒಳಗೆ, ಹೀಗೆ ಐದು ಸಾವಿರದವರೆಗೆ ಐದು ಸ್ಲೈಡ್. ಕೊನೆಯದರಲ್ಲಿ ‘ಸೇವ್ ಮಾಡಿಟ್ಟುಕೊಳ್ಳಿ, ಆರ್ಡರಿಗೆ ಮೆಸೇಜ್ ಮಾಡಿ’.

“ಒಂದು ಸ್ಲೈಡಲ್ಲಿ ಒಂದೇ ಐಟಮ್ಮಾ? ಎಂತ ಮಾರಾಯ್ರೆ, ಇಷ್ಟು ಜಾಗ ಉಂಟಲ್ಲ, ಆರು ಹಾಕಿ” ಎಂದರು ಮಾಲೀಕರು.

“ಆರು ಹಾಕಿದರೆ ಒಂದನ್ನೂ ನೋಡಲ್ಲ. ಲೋಕಲ್ ರೈಲಲ್ಲಿ ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಫೋನ್ ಹಿಡಿದು ನೋಡೋರಿಗೆ ಒಂದೇ ಸಾಕು” ಎಂದೆ. ಮೂರನೇ ದಿನ ಅವರು ಕೈಮುಗಿದರು.

ಐನೂರರ ಒಳಗಿನ ಸ್ಲೈಡಿಗೆ ಏನಿಡುವುದೆಂದು ತಲೆ ಕೆಡಿಸಿಕೊಂಡಿದ್ದಾಗ ತಾನು ಹೊಲಿದದ್ದನ್ನು ಮಾರಲು ಒಬ್ಬಳು ಅಂಗಡಿಗೆ ಬಂದಳು. ಕಲಬುರಗಿ ಕಡೆಯ ಹೆಂಗಸು, ಮೂವತ್ತೈದರ ಆಸುಪಾಸು. ರಬಾಳೆಯಲ್ಲಿ ಬಾಡಿಗೆ ಖೋಲಿ, ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಪ್ಯಾಕಿಂಗ್ ಕೆಲಸ. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ತೋಳು ಮುರಿದುಕೊಂಡು ಮನೆಯಲ್ಲಿದ್ದ. ಅವಳ ಸಂಬಳವೇ ಮನೆಗೆ ದಿಕ್ಕು. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಕೌದಿ ಚೀಲವೊಂದನ್ನು ಕೌಂಟರಿನ ಮೇಲಿಟ್ಟಳು. ನೋಡಿದ್ದೇ ನನಗೆ ಆಸೆಯಾಯಿತು. ಅಷ್ಟು ಸಣ್ಣ, ಅಷ್ಟು ನೇರ ಹೊಲಿಗೆ.

ಕೆಳಗಿನ ಒಂದು ಮೂಲೆ ಬೆರಳಿಗೆ ಗಟ್ಟಿಯಾಗಿ ತಾಕಿತು. ಏನಿದು ಎಂದೆ.

“ತುತ್ತು ಅದ ರೀ ಅಕ್ಕಾರ” ಎಂದಳು. “ಕೌದಿ ಮುಗಿಸೂಮುಂದ ಕಡೀ ಮೂಲ್ಯಾಗ ಒಂದು ಚೂರು ರೊಟ್ಟಿ, ಚಿಟಿಕಿ ಕುಂಕುಮ ಇಟ್ಟು ಹೊಲೀತೀವ್ರಿ. ಕೌದಿ ಹೊಟ್ಟಿ ಹಸಿದಿರಬಾರದು ನೋಡ್ರಿ. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟೀನೂ ತುಂಬಿರ್ತದ.”

ಚೀಲದ ಫೋಟೋ ತೆಗೆದುಕೊಂಡೆ. ಮನೆಗೆ ಬಂದು ಸ್ಲೈಡ್ ಮಾಡಿದೆ. ಮೇಲೆ ‘ಐನೂರರ ಒಳಗೆ’, ನಡುವೆ ಚೀಲ, ಅದರ ಕೆಳಗೆ ಮರಾಠಿಯಲ್ಲಿ ಎರಡು ಸಾಲು. ಹಳೇ ಸೀರೆಯ ಕೈಹೊಲಿಗೆ ಅಂತ ಒಂದು, ಕೊನೆಯ ಮೂಲೆಯಲ್ಲಿ ಒಂದು ತುತ್ತು ಅಂತ ಇನ್ನೊಂದು. ಫೋನಿನಲ್ಲಿ ನೋಡಿದೆ. ಕಣ್ಣು ಎರಡು ಕಡೆ ಓಡಿತು. ಒಂದು ಸ್ಲೈಡಿನಲ್ಲಿ ಎರಡು ಮಾತಾಯಿತು. ಮೂರು ದಿನ ಜಗಳವಾಡಿ ಗೆದ್ದವಳು ನಾನೇ ನಿಯಮ ಮುರಿಯುವುದೇ? ಎರಡನೇ ಸಾಲನ್ನು ಅಳಿಸಿದೆ. ಒಂದೇ ಒಂದು ಗುಂಡಿ ಒತ್ತಿದೆ, ಅಷ್ಟೇ.

ಇನ್ನೊಂದು ಜಾಣತನವನ್ನೂ ಮಾಡಿದೆ. ಮುಖಪುಟ ನೋಡಿ ಸರಿಸದೆ ಮುಂದೆ ಹೋದವರಿಗೆ ಪೋಸ್ಟ್ ಹಾಕುವ ಆ್ಯಪ್ ಅದೇ ಪೋಸ್ಟನ್ನು ಎಷ್ಟೋ ಸಲ ಮತ್ತೆ ತೋರಿಸುತ್ತದೆ, ಆಗ ಎರಡನೇ ಚಿತ್ರವನ್ನು ಮುಂದಿಡುತ್ತದೆ. ಹಾಗಾಗಿ ಬೆಲೆಯ ಮೆಟ್ಟಿಲು ತಪ್ಪಿದರೂ ಸರಿಯೆಂದು ಇನ್ನೂರೈವತ್ತರ ಹಣತೆಯನ್ನು ಹಿಂದೆ ತಳ್ಳಿ ಅವಳ ಚೀಲವನ್ನು ಎರಡನೆಯದಾಗಿ ಇಟ್ಟೆ.

ಪೋಸ್ಟ್ ಓಡಿತು. ಜನ ಸೇವ್ ಮಾಡಿದರು, ಗೆಳತಿಯರಿಗೆ ಕಳಿಸಿದರು. ಬಂದ ಮೆಸೇಜುಗಳಲ್ಲಿ ಮುಕ್ಕಾಲುಪಾಲು ಎರಡನೇ ಸ್ಲೈಡಿನ ಚೀಲಕ್ಕೇ. ಮಾಜಿವಾಡಾದ ಒಬ್ಬಾಕೆ ತಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರಿಗೆಲ್ಲ ಕೊಡಲು ಮೂವತ್ತು ಬೇಕೆಂದರು. ನಾನು ಕುಣಿದಾಡಿಬಿಟ್ಟೆ.

ಚೀಲ ಹೊಲಿಯುವವಳು ಫೋನ್ ಮಾಡಿದಳು. “ಡ್ಯೂಟಿ ಮಾಡ್ಕೋತ ಇಷ್ಟು ಹೊಲೀಲಾಕ ಆಗಂಗಿಲ್ರಿ. ರಜಾ ಕೇಳಿದ್ರ ಕಾಂಟ್ರಾಕ್ಟರ್ ಬ್ಯಾರೆಯವರನ್ನ ಹಚ್ಕೋತೀನಿ ಅಂತಾನ. ಕೆಲಸ ಬಿಡ್ಲೇನ್ರಿ ಅಕ್ಕಾರ?”

“ಬಿಡಿ” ಎಂದೆ. “ಹಬ್ಬ ಆದ್ಮೇಲೂ ಆರ್ಡರ್ ಬರುತ್ತೆ, ನಾನಿದ್ದೀನಿ.”

ನಾನಿದ್ದೀನಿ! ಯಾರ ಅನ್ನದ ಮೇಲೆ ಯಾರು ಕೊಡುವ ಭರವಸೆ ಅದು? ನೆನೆದಾಗಲೆಲ್ಲ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವಳು ಮರುದಿನವೇ ಕೆಲಸ ಬಿಟ್ಟಳು.

ಮೂವತ್ತು ಚೀಲ ಮಾಜಿವಾಡಾ ತಲುಪಿದ ಎರಡನೇ ದಿನ ಪೋಸ್ಟಿನ ಕೆಳಗೆ ಒಂದು ಕಾಮೆಂಟ್ ಬಂತು. ಸೊಸೈಟಿಯ ಯಾರೋ ಒಬ್ಬರು ಮೂಲೆಯಲ್ಲಿ ಗಟ್ಟಿಯಾಗಿ ಏನಿದೆಯೆಂದು ಹೊಲಿಗೆ ಬಿಚ್ಚಿದ್ದರು. ಒಣಗಿದ ರೊಟ್ಟಿಯ ಚೂರು, ಅದಕ್ಕೆ ಮೆತ್ತಿದ ಕೆಂಪು ಪುಡಿ. ‘ಹಬ್ಬದ ಉಡುಗೊರೆಯಲ್ಲಿ ಇದೆಂಥ ಮಾಟ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ’ ಎಂದು ಬರೆದಿದ್ದರು. ಕೆಳಗೆ ಒಂದರ ಹಿಂದೊಂದು. ಕೊಳಕು, ಇರುವೆ, ವಶೀಕರಣ. ನಾವೂ ತಗೊಂಡಿದ್ದೀವಿ, ಈಗ ಏನು ಮಾಡೋದು? ವಯಸ್ಸಾದ ಇಬ್ಬರು ಮರಾಠಿ ಹೆಂಗಸರು ‘ನಮ್ಮಜ್ಜಿಯೂ ಗೋಧಡಿಯಲ್ಲಿ ಹೀಗೇ ತುತ್ತು ಇಡುತ್ತಿದ್ದರು’ ಎಂದು ತಮ್ಮ ಕಡೆಯ ಕೌದಿಯ ಬಗ್ಗೆ ಬರೆದರು. ಆ ಗಲಾಟೆಯಲ್ಲಿ ಅವರ ಮಾತು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಒಂದು ಸಾಲು ಸ್ಲೈಡಿನಲ್ಲಿದ್ದಿದ್ದರೆ ಇದೇ ಜನ ಆ ಮೂಲೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆದರೆ ಪೋಸ್ಟ್ ಆದ ಮೇಲೆ ಒಂದು ಚಿತ್ರ ತೆಗೆದು ಅದರ ಜಾಗದಲ್ಲಿ ತಿದ್ದಿದ ಚಿತ್ರ ಇಡಲು ಬರುವುದಿಲ್ಲ. ಕೆಳಗಿನ ಬರಹ ತಿದ್ದಬಹುದು, ಸ್ಲೈಡನ್ನು ಪೂರ್ತಿ ಅಳಿಸಬಹುದು, ಅಷ್ಟೇ. ಬರಹ ತಿದ್ದಿ ತುತ್ತಿನ ಕಥೆ ಬರೆದೆ. ಅದನ್ನೇ ಕಾಮೆಂಟಾಗಿ ಹಾಕಿ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದೆ. ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಸಿಕ್ಕಿಬಿದ್ದ ಮೇಲೆ ಕಥೆ ಕಟ್ಟುತ್ತಿದ್ದಾರೆ ಎಂದರು.

ಮೂವತ್ತು ಚೀಲವೂ ಅಂಗಡಿಗೆ ವಾಪಸ್ ಬಂದವು. ಮಾಲೀಕರ ಮುಖ ಇಳಿದುಹೋಗಿತ್ತು. “ಕಾಮೆಂಟು ಚೀಲಕ್ಕೆ ಮಾತ್ರ ಬರುವುದಲ್ಲ ಮೇಡಂ, ಇಡೀ ಪೋಸ್ಟಿಗೆ ಬರುವುದು. ನನ್ನ ಹಣತೆ, ಡ್ರೈಫ್ರೂಟ್ ಎಲ್ಲದರ ಕೆಳಗೆ ಮಾಟ ಅಂತ ಉಂಟು. ಆ ಸ್ಲೈಡ್ ತೆಗೆಯಿರಿ.”

“ಎರಡು ದಿನ ಕೊಡಿ. ತುತ್ತು ಇಲ್ಲದ ಚೀಲ ಮಾಡಿಸ್ತೀನಿ. ಮೂಲೆ ಖಾಲಿ ಅಂತ ವಿಡಿಯೋ ಹಾಕೋಣ” ಎಂದು ಗೋಗರೆದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾನು ಅದನ್ನೇ ಹೂಂ ಅಂದುಕೊಂಡೆ.

ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ರಬಾಳೆಗೆ ಹೋದೆ. ಖೋಲಿಯ ತುಂಬ ಉಳಿದ ಆರ್ಡರುಗಳಿಗೆ ಹೊಲಿದ ಚೀಲಗಳು, ನಲವತ್ತಂತೆ. ಎಲ್ಲದರದೂ ಒಂದು ಮೂಲೆ ಇನ್ನೂ ಹೊಲಿಯದೆ ತೆರೆದೇ ಇತ್ತು. ಗಂಡ ಪಟ್ಟಿ ಕಟ್ಟಿದ ತೋಳನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ತಂಗಳು ಇಡಬಾರದ್ರಿ ಅಕ್ಕಾರ. ಅದಕ್ಕ ಬಿಸೀದು ಮಾಡ್ಲಿಕತ್ತೀನಿ” ಎಂದಳು.

ಹೇಗೆ ಹೇಳಿದೆನೋ ನನಗೇ ನೆನಪಿಲ್ಲ. ಮಾಟ ಅನ್ನುವ ಮಾತು ಬಂದಾಗ ಅವಳ ಕೈ ನಿಂತಿತು. “ಉಣ್ಣೂ ರೊಟ್ಟಿ ಇಟ್ಟು ಯಾರರ ಮಾಟ ಮಾಡ್ತಾರೇನ್ರಿ?” ಎಂದು ಕೇಳಿದಳು. ಆಮೇಲೆ ಒಲೆ ಆರಿಸಿ ನನ್ನ ಕಡೆ ತಿರುಗಿದಳು.

“ನೀವು ಈ ಮಾತು ಫೋಟೋ ಮ್ಯಾಲ ಬರದಿದ್ದಿಲ್ಲೇನ್ರಿ? ನಾ ಹೇಳಿದ್ನಲ್ಲ?”

“ಜಾಗ ಸಾಲಲಿಲ್ಲ” ಎಂದೆ. ಸುಳ್ಳು. ಜಾಗ ಬೇಕಾದಷ್ಟಿತ್ತು. ಖಾಲಿ ಬಿಟ್ಟವಳು ನಾನು.

“ಈಗ ಮೂಲೆಗಳನ್ನ ಖಾಲಿ ಹೊಲಿದುಬಿಡಿ. ಆಗ ಸ್ಲೈಡ್ ಉಳಿಯುತ್ತೆ, ಚೀಲ ಹೋಗುತ್ತೆ” ಎಂದೆ.

“ಹಸ್ಕೊಂಡು ಹೋಗ್ತಾವಲ್ರಿ” ಎಂದಳು. ಗಂಡನ ಕಡೆ ನೋಡಿದಳು, ಅವನು ನೆಲ ನೋಡಿದ. “ಆತು ಬಿಡ್ರಿ. ನಮ್ಮ ಹೊಟ್ಟೀನೂ ಅದ.”

ತುತ್ತಿಗೆಂದು ಮುರಿದಿಟ್ಟಿದ್ದ ರೊಟ್ಟಿ ಚೂರುಗಳನ್ನೆಲ್ಲ ತಾಟಿಗೆ ಹಾಕಿ, ಒಂದಿಷ್ಟು ಶೇಂಗಾ ಚಟ್ನಿಪುಡಿ ಇಟ್ಟು ನನ್ನ ಮುಂದೆ ಸರಿಸಿದಳು. “ತಿನ್ರಿ, ದೂರಿಂದ ಬಂದೀರಿ.” ನಾನು ತಿನ್ನುತ್ತಾ ಕೂತೆ, ಅವಳು ಎದುರಿಗೆ ಕೂತು ಒಂದೊಂದೇ ಮೂಲೆ ಮುಚ್ಚಿದಳು. ಆ ರೊಟ್ಟಿಯನ್ನು ಪೂರ್ತಿ ತಿಂದೆ. ಬಿಡುವ ಧೈರ್ಯ ನನಗಿರಲಿಲ್ಲ.

ವಾಪಸ್ ಬರುವಾಗ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಮಾಲೀಕರ ಫೋನ್ ಬಂತು. ಇನ್ನೊಂದು ದೊಡ್ಡ ಆರ್ಡರ್ ಕ್ಯಾನ್ಸಲ್ ಆಗಿತ್ತು, ಅದು ಡ್ರೈಫ್ರೂಟಿನದು. “ನನಗೆ ಹಬ್ಬದ ವ್ಯಾಪಾರ ಇರುವುದು ಇನ್ನು ಐದೇ ದಿನ. ನೀವು ತೆಗೆಯುತ್ತೀರೋ, ನಾನೇ ತೆಗೆಯಲೋ?” ಮೂಲೆ ಖಾಲಿ ಮಾಡಿಸಿದ್ದೇನೆ ಎಂದೆ. ಅತ್ತೇ ಬಿಟ್ಟೆ. “ಖಾಲಿ ಇರಲಿ, ತುಂಬಿರಲಿ, ಆ ಚೀಲವೇ ಬೇಡ” ಎಂದರು.

ನಾನೇ ಅಳಿಸಿದೆ. ಪರರ ಕೈಯಲ್ಲಿ ಆಗುವುದು ಬೇಡ ಅನಿಸಿತು. ಏಳು ಇದ್ದದ್ದು ಆರಾಯಿತು. ಮುಖಪುಟ ಸರಿಸಿದರೆ ನೇರ ಇನ್ನೂರೈವತ್ತರ ಹಣತೆ, ಅದಾದ ಮೇಲೆ ಸಾವಿರ. ನಡುವೆ ಐನೂರು ಇಲ್ಲವೆಂದು ಯಾರೊಬ್ಬರೂ ಕೇಳಲಿಲ್ಲ.

ಅಳಿಸಿದ ಸ್ಲೈಡನ್ನು ಆ ಆ್ಯಪ್ ಮೂವತ್ತು ದಿನ ಒಳಗೆಲ್ಲೋ ಇಟ್ಟಿರುತ್ತದೆ, ಬೇಕಾದರೆ ಮರಳಿ ತರಬಹುದು. ದಿನಾ ತೆಗೆದು ನೋಡುತ್ತಿದ್ದೆ. ಫ್ಯಾಕ್ಟರಿಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ನಾನೇ ಹೋಗಿ ಕಾಂಟ್ರಾಕ್ಟರನ ಮುಂದೆ ಕೈಮುಗಿದು ನಿಂತೆ, ಅವನು ಮಾತು ಮುಗಿಸಲೂ ಬಿಡಲಿಲ್ಲ. ಅವಳು ಕೂಲಿಯವರು ಸೇರುವ ನಾಕಾದಲ್ಲಿ ನಿಂತು ದಿನಗೂಲಿಗೆ ಕಾಯತೊಡಗಿದಳು. ಒಂದು ದಿನ ನೋಡಿದಾಗ ಸ್ಲೈಡ್ ಅಲ್ಲಿರಲಿಲ್ಲ.

ಆ ನಲವತ್ತು ಚೀಲಗಳನ್ನು ನಾನೇ ಕೊಂಡು ಕಲ್ಯಾಣಕ್ಕೆ ತಂದೆ. ಮಂಚದ ಮೇಲೆ ಹರಡಿಕೊಂಡು ಒಂದೊಂದರ ಮೂಲೆಯನ್ನೂ ಬೆರಳಲ್ಲಿ ಒತ್ತಿ ನೋಡಿದೆ. ಒಂದರಲ್ಲಾದರೂ ಕದ್ದು ತುತ್ತು ಇಟ್ಟಿರುತ್ತಾಳೆ, ನನ್ನ ಮಾತು ಮೀರಿರುತ್ತಾಳೆ ಎಂಬ ಆಸೆ. ನಲವತ್ತೂ ಮೆತ್ತಗಿದ್ದವು. ಕೆಲಸ ಬಿಡಿ ಎಂದಾಗ ಬಿಟ್ಟ ಹಾಗೆಯೇ, ಇದರಲ್ಲೂ ಅವಳು ನಾನು ಹೇಳಿದಂತೆಯೇ ಮಾಡಿದ್ದಳು.